ಚಿತ್ರ ನೋಡಿದ ಕೈ ಏನು ಮಾಡುತ್ತದೆ?



ಹಾಲು ಕರೆಯುವ ಯಂತ್ರ ಮನೆಗೆ ಬಂದಾಗ ಅದರ ಜೊತೆ ಒಂದು ಕೈಪಿಡಿಯೂ ಬರುತ್ತದೆ. ಕೈಪಿಡಿಯೊಳಗೆ ಎಂಟೋ ಹತ್ತೋ ಚಿತ್ರಗಳಿರುವ ಒಂದು ಹಾಳೆ ಇರುತ್ತದೆ. ಪ್ರತಿ ಚಿತ್ರದ ಕೆಳಗೆ ಎರಡು ಮೂರು ಸಾಲು ಬರೆದಿರುತ್ತಾರೆ. ಯಂತ್ರ ಕೊಳ್ಳುವಾಗ ನಾವು ಮೋಟಾರು ಓಡಿಸಿ ನೋಡುತ್ತೇವೆ, ಕ್ಯಾನು ಬಡಿದು ನೋಡುತ್ತೇವೆ, ಗ್ಯಾರಂಟಿ ಎಷ್ಟು ವರ್ಷ ಎಂದು ಕೇಳುತ್ತೇವೆ. ಆ ಚಿತ್ರದ ಹಾಳೆಯನ್ನು ಮಾತ್ರ ಯಾರೂ ಪರೀಕ್ಷೆ ಮಾಡುವುದಿಲ್ಲ. ಅದನ್ನೂ ಪರೀಕ್ಷೆ ಮಾಡಿಯೇ ಯಂತ್ರ ಒಪ್ಪಿಕೊಳ್ಳಬೇಕು, ಆ ಪರೀಕ್ಷೆಯನ್ನು ಹಾಲು ಕರೆಯುವ ನೀವೇ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆ, ಹೇಗೆ ಎಂದು ವಿವರಿಸುತ್ತೇನೆ.

ಆ ಹಾಳೆಯನ್ನು ನಾವು ಯಾವಾಗ ನೋಡುತ್ತೇವೆ ಎಂದು ಮೊದಲು ನೆನಪಿಸಿಕೊಳ್ಳಿ. ಊಟ ಮುಗಿಸಿ, ಕನ್ನಡಕ ಹಾಕಿಕೊಂಡು, ಕುಳಿತು ಓದುವುದಿಲ್ಲ. ಬೆಳಗಿನ ಜಾವ ಡೇರಿಗೆ ಹಾಲು ಹಾಕುವ ಹೊತ್ತು ಹತ್ತಿರವಾಗಿರುತ್ತದೆ, ಕೊಟ್ಟಿಗೆಯಲ್ಲಿ ಒಂದೇ ಬಲ್ಬು ಉರಿಯುತ್ತಿರುತ್ತದೆ, ಕೈಯಲ್ಲಿ ನೀರು ಇಲ್ಲವೇ ಸಗಣಿ ಇರುತ್ತದೆ. ಗೋಡೆಗೆ ಅಂಟಿಸಿದ ಹಾಳೆಯತ್ತ ಎರಡು ಹೆಜ್ಜೆ ದೂರದಿಂದ ಕತ್ತೆತ್ತಿ ನೋಡುತ್ತೇವೆ. ಆ ನೋಟದಲ್ಲಿ ಚಿತ್ರ ಕಣ್ಣಿಗೆ ಬೀಳುತ್ತದೆ, ಅಡಿಬರಹದ ಮೊದಲ ಎರಡು ಮೂರು ಪದ ಬೀಳುತ್ತದೆ, ಉಳಿದದ್ದು ಬೀಳುವುದಿಲ್ಲ. ಇದು ಸೋಮಾರಿತನವಲ್ಲ. ಕೈ ಕೆಲಸದಲ್ಲಿರುವ ಯಾರೇ ಆದರೂ ಹಾಗೆಯೇ ನೋಡುತ್ತಾರೆ. ಆದ್ದರಿಂದ ಹಾಳೆಯಲ್ಲಿ ವಿಷಯ ಇದೆಯೇ ಎಂದು ಕೇಳಿದರೆ ಸಾಲದು. ಹಾಗೆ ಓಡುನೋಟದಲ್ಲಿ ನೋಡಿದವಳ ಕೈ ಸರಿಯಾದ ಕೆಲಸ ಮಾಡುತ್ತದೆಯೇ ಎಂದು ಕೇಳಬೇಕು.

ಕಪ್ ತೆಗೆಯುವ ಚಿತ್ರ

ಕ್ಯಾನಿನ ಯಂತ್ರಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಚಿತ್ರವನ್ನೇ ತೆಗೆದುಕೊಳ್ಳೋಣ. ಹಾಲು ನಿಂತ ಮೇಲೆ ಕ್ಲಸ್ಟರ್, ಅಂದರೆ ನಾಲ್ಕು ಕಪ್‌ಗಳ ಗೊಂಚಲು, ಕೆಚ್ಚಲಿನಿಂದ ತೆಗೆಯುವ ಚಿತ್ರ. ಒಂದು ಕೈ ಕ್ಲಸ್ಟರ್ ಹಿಡಿದಿದೆ, ಕೆಳಮುಖವಾಗಿ ಒಂದು ದಪ್ಪ ಬಾಣ ಇದೆ. ಅಡಿಬರಹ ಹೀಗಿದೆ: ‘ಹಾಲಿನ ಹರಿವು ನಿಂತ ನಂತರ ಕ್ಲಸ್ಟರನ್ನು ತೆಗೆಯಿರಿ. ತೆಗೆಯುವ ಮುನ್ನ ನಿರ್ವಾತ ಸ್ಥಗಿತ ಕವಾಟವನ್ನು ಮುಚ್ಚಲಾಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ.’

ಪೂರ್ತಿ ಓದಿದರೆ ಇದರಲ್ಲಿ ತಪ್ಪಿಲ್ಲ. ಆದರೆ ಓಡುನೋಟದಲ್ಲಿ ನೋಡಿದವಳಿಗೆ ಸಿಗುವುದು ಏನು? ಹಿಡಿದ ಕೈ, ಕೆಳಗೆ ತೋರಿಸುವ ಬಾಣ, ‘ಹಾಲಿನ ಹರಿವು ನಿಂತ’ ಎಂಬ ಮೊದಲ ಮಾತು. ಅವಳು ಹಾಲು ನಿಂತಿತೇ ಎಂದು ನೋಡಿ ಎಳೆಯುತ್ತಾಳೆ. ಚಿತ್ರ ಹೇಳಿದ್ದನ್ನೇ ಮಾಡಿದ್ದಾಳೆ.

ಎಳೆದಾಗ ಆಗುವುದೇನು ಎಂದರೆ, ಕಪ್ಪಿನೊಳಗೆ ಇನ್ನೂ ವ್ಯಾಕ್ಯೂಮ್ ಇದೆ. ಅಂದರೆ ಗಾಳಿ ತೆಗೆದು ಉಂಟುಮಾಡಿದ ಎಳೆತ ಮೊಲೆತೊಟ್ಟನ್ನು ಹಿಡಿದುಕೊಂಡೇ ಇದೆ. ಅದರ ವಿರುದ್ಧ ಜಗ್ಗಿದರೆ ತೊಟ್ಟಿನ ತುದಿಗೆ ಪೆಟ್ಟು. ದಿನಕ್ಕೆರಡು ಬಾರಿ ಹೀಗೇ ಆದರೆ ತುದಿಯ ಚರ್ಮ ಒರಟಾಗಿ, ತೂತಿನ ಸುತ್ತ ಬಿಳಿ ಉಂಗುರದಂತೆ ದಪ್ಪಗಟ್ಟುತ್ತದೆ. ಎರಡನೆಯ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಒಂದು ಕಪ್ ಪಕ್ಕನೆ ಕಳಚಿಕೊಂಡಾಗ ಅದರ ಮೂಲಕ ಹೊರಗಿನ ಗಾಳಿ ರಭಸದಿಂದ ಒಳನುಗ್ಗುತ್ತದೆ. ಆ ರಭಸಕ್ಕೆ ಕ್ಲಸ್ಟರಿನಲ್ಲಿ ಉಳಿದಿರುವ ಹಾಲಿನ ಹನಿಗಳು ಇನ್ನೂ ಕಪ್ಪಿನಲ್ಲೇ ಇರುವ ಬೇರೆ ತೊಟ್ಟುಗಳ ತುದಿಗೆ ಹೋಗಿ ಬಡಿಯುತ್ತವೆ. ಒಂದು ತೊಟ್ಟಿನಲ್ಲಿ ರೋಗಾಣು ಇದ್ದರೆ ಅದು ಇನ್ನೊಂದು ತೊಟ್ಟಿನೊಳಗೆ ಸೇರಲು ಇದಕ್ಕಿಂತ ಸುಲಭದ ದಾರಿ ಬೇಡ. ಕೆಚ್ಚಲು ಬಾವು ಬಂದಾಗ ನಾವು ಹಸುವನ್ನು ಬೈಯುತ್ತೇವೆ, ಹವೆಯನ್ನು ಬೈಯುತ್ತೇವೆ. ಗೋಡೆಯ ಮೇಲಿನ ಬಾಣವನ್ನು ಯಾರೂ ಬೈಯುವುದಿಲ್ಲ.

ಈ ಚಿತ್ರವನ್ನು ಸರಿಮಾಡುವುದು ಕಷ್ಟವಲ್ಲ. ಒಂದನ್ನು ಎರಡು ಮಾಡಬೇಕು. ಮೊದಲ ಚಿತ್ರದಲ್ಲಿ ಬೆರಳು ವಾಲ್ವ್ ಮುಚ್ಚುತ್ತಿರಬೇಕು. ಆ ವಾಲ್ವ್ ಕೆಲವು ಯಂತ್ರಗಳಲ್ಲಿ ಕ್ಲಸ್ಟರಿನ ಕೆಳಗಿನ ಗುಂಡಿ, ಕೆಲವದರಲ್ಲಿ ಕೊಳವೆಯ ಮೇಲಿನ ಕ್ಲಿಪ್. ನಮ್ಮ ಯಂತ್ರದಲ್ಲಿ ಯಾವುದಿದೆಯೋ ಅದೇ ಚಿತ್ರದಲ್ಲಿರಬೇಕು. ಅಡಿಬರಹ: ‘ವಾಲ್ವ್ ಮುಚ್ಚಿ. ಎಳೆತ ಇಳಿಯುವವರೆಗೆ ನಿಲ್ಲಿ.’ ಎರಡನೆಯ ಚಿತ್ರದಲ್ಲಿ ನಾಲ್ಕೂ ಕಪ್‌ಗಳು ಒಟ್ಟಿಗೆ ಕೆಳಗೆ ಹಿಡಿದ ಕೈಗೆ ಜಾರಿ ಬರುತ್ತಿರಬೇಕು. ಅಡಿಬರಹ: ‘ಕಪ್‌ಗಳು ತಾವಾಗಿ ಜಾರುತ್ತವೆ. ಜಗ್ಗಬೇಡಿ.’ ಈಗ ಯಾರಾದರೂ ಅರೆಗಣ್ಣಿನಲ್ಲಿ ನೋಡಿದರೂ ಮೊದಲು ಬೆರಳು ಕಾಣುತ್ತದೆ, ಆಮೇಲೆ ಕಪ್ ಕಾಣುತ್ತದೆ.

ಇಲ್ಲಿ ಎರಡು ಸೂತ್ರ ಸಿಕ್ಕವು. ಒಂದು ಚಿತ್ರದಲ್ಲಿ ಕೈ ಮಾಡುವ ಕೆಲಸ ಒಂದೇ ಇರಬೇಕು. ಮೊದಲು ಮಾಡಬೇಕಾದದ್ದು ಸಾಲಿನಲ್ಲೂ ಮೊದಲೇ ಬರಬೇಕು. ‘ಅದಕ್ಕೆ ಮುನ್ನ’ ಎಂದು ಕೊನೆಯಲ್ಲಿ ಬರೆದದ್ದು ಕೆಲಸ ಮುಗಿದ ಮೇಲೆ ಕಣ್ಣಿಗೆ ಬೀಳುತ್ತದೆ.

ಕಾಣದೇ ಹೋದ ಬಟ್ಟೆ

ಇದೇ ಹಾಳೆಯ ಇನ್ನೊಂದು ಚಿತ್ರ ನೋಡೋಣ. ಕೆಚ್ಚಲಿಗೆ ನೀರು ಹಾಕಿ ತೊಳೆಯುತ್ತಿರುವ ಕೈ. ಕೆಳಗೆ: ‘ಕೆಚ್ಚಲನ್ನು ಶುದ್ಧ ನೀರಿನಿಂದ ಸ್ವಚ್ಛಗೊಳಿಸಿ, ಶುಷ್ಕ ಬಟ್ಟೆಯಿಂದ ಒರೆಸಿ ಕಪ್‌ಗಳನ್ನು ಜೋಡಿಸಿ.’ ಮುಂದಿನ ಚಿತ್ರದಲ್ಲಿ ನಾಲ್ಕೂ ಕಪ್‌ಗಳು ಆಗಲೇ ಕೂತಿವೆ. ಅಂದರೆ ಒರೆಸುವ ಕೆಲಸ ಬರಹದಲ್ಲಿ ಇದೆ, ಚಿತ್ರದಲ್ಲಿ ಇಲ್ಲ. ಚಿತ್ರ ಮಾತ್ರ ನೋಡುವವಳಿಗೆ ತೊಳೆಯುವುದು, ಕಪ್ ಹಾಕುವುದು ಎರಡೇ ಕೆಲಸ.

ಒದ್ದೆ ಕೆಚ್ಚಲಿಗೆ ಕಪ್ ಹಾಕಿದರೆ ಕೆಚ್ಚಲಿನ ಮೇಲಿನ ಕೊಳೆ ನೀರು ಇಳಿದು ಕಪ್ಪಿನ ಬಾಯಿಗೆ ಸೇರುತ್ತದೆ. ಅಲ್ಲಿಂದ ತೊಟ್ಟಿನ ತುದಿಗೂ ಕ್ಯಾನಿನ ಹಾಲಿಗೂ ಹೋಗುತ್ತದೆ. ಕಪ್ ಜಾರುವುದೂ ಹೆಚ್ಚು, ಜಾರಿದಾಗ ‘ಸುಯ್’ ಎಂದು ಗಾಳಿ ಎಳೆಯುವ ಸದ್ದು ಕೇಳುತ್ತದೆ. ಆಗಲೂ ನಾನು ಹೇಳಿದ ಹಾಲಿನ ಹನಿಗಳ ಬಡಿತ ಆಗುತ್ತದೆ. ಹಾಗಾಗಿ ಒರೆಸುವುದಕ್ಕೆ ಅದರದೇ ಚಿತ್ರ ಬೇಕು, ಅದರದೇ ನಂಬರು ಬೇಕು. ಬಟ್ಟೆ ದೊಡ್ಡದಾಗಿ ಕಾಣಬೇಕು. ಅಡಿಬರಹ: ‘ಒರೆಸಿ. ತೊಟ್ಟಿನಿಂದ ಹನಿ ಬೀಳಬಾರದು. ಪ್ರತಿ ಹಸುವಿಗೆ ಬೇರೆ ಬಟ್ಟೆ.’

ಕಪ್ ಹಾಕುವ ಚಿತ್ರದ್ದು ಮತ್ತೊಂದು ಬಗೆಯ ಕೊರತೆ. ಅದು ಕೆಲಸ ಮುಗಿದ ನಂತರದ ಸ್ಥಿತಿಯನ್ನು ತೋರಿಸುತ್ತದೆ, ಕೆಲಸವನ್ನು ತೋರಿಸುವುದಿಲ್ಲ. ನಾಲ್ಕು ಕಪ್‌ಗಳು ಅಂದವಾಗಿ ಕೂತಿವೆ ಎಂದು ನೋಡಿದರೆ ಅವನ್ನು ಕೂರಿಸುವುದು ಹೇಗೆ ಎಂದು ತಿಳಿಯುವುದಿಲ್ಲ. ಕಪ್ಪಿನ ಕೆಳಗಿನ ಚಿಕ್ಕ ಕೊಳವೆಯನ್ನು ಮಡಿಸಿ ಹಿಡಿದರೆ ಎಳೆತ ನಿಲ್ಲುತ್ತದೆ. ಹಾಗೆ ಮಡಿಸಿಕೊಂಡೇ ಕಪ್ಪನ್ನು ತೊಟ್ಟಿನ ಹತ್ತಿರ ಒಯ್ದು, ತೊಟ್ಟು ಒಳಗೆ ಹೋಗುವಾಗ ಕೊಳವೆಯನ್ನು ನೆಟ್ಟಗೆ ಮಾಡಬೇಕು. ಆಗ ಕೊಟ್ಟಿಗೆಯ ಗಾಳಿ, ದೂಳು, ಹುಲ್ಲಿನ ಚೂರು ಒಳಗೆ ಹೋಗುವುದಿಲ್ಲ. ಹಾಳೆಯಲ್ಲಿ ಬೇಕಾಗಿರುವುದು ಆ ಮಡಿಸಿದ ಕೊಳವೆಯ ಚಿತ್ರ. ಕಪ್‌ಗಳು ಅಂದವಾಗಿ ಕೂತಿದ್ದನ್ನು ತೋರಿಸುವುದು ಜಾಹೀರಾತಿಗೆ ಸರಿ.

ಚಿತ್ರಕ್ಕೆ ಆಗದ್ದು, ಬರಹಕ್ಕೆ ಆಗುವುದು

ಹಾಗೆಂದು ಎಲ್ಲವನ್ನೂ ಚಿತ್ರದಲ್ಲೇ ಹೇಳಲು ಬರುವುದಿಲ್ಲ. ಹೊತ್ತನ್ನು ಚಿತ್ರದಲ್ಲಿ ತೋರಿಸುವುದು ಕಷ್ಟ. ಕೆಚ್ಚಲು ಮುಟ್ಟಿ ಒರೆಸಲು ಶುರುಮಾಡಿದ ಸುಮಾರು ಒಂದರಿಂದ ಒಂದೂವರೆ ನಿಮಿಷದೊಳಗೆ ಕಪ್ ಹಾಕಬೇಕು ಎಂದು ನಾವು ತರಬೇತಿಯಲ್ಲಿ ಹೇಳುತ್ತೇವೆ. ಆ ಹೊತ್ತಿಗೆ ಹಸು ಸೊರ ಬಿಟ್ಟಿರುತ್ತದೆ. ಹಾಲು ಇಳಿಸುವ ಆ ರಸದ ಬಲ ಕೆಲವೇ ನಿಮಿಷ ಇರುತ್ತದೆ. ಒರೆಸಿಟ್ಟು ಹಿಂಡಿ ಕಲಸಲು ಹೋದರೆ ಆ ನಿಮಿಷಗಳು ಕಳೆದುಹೋಗುತ್ತವೆ, ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಕೆಲವು ಕೈಪಿಡಿಗಳು ಇದಕ್ಕೆ ಮೂಲೆಯಲ್ಲಿ ಒಂದು ಪುಟ್ಟ ಗಡಿಯಾರ ಬರೆದುಬಿಡುತ್ತವೆ. ಗಡಿಯಾರ ನೋಡಿದರೆ ‘ಕಾಯಿರಿ’ ಎಂದೂ ಅನ್ನಿಸಬಹುದು, ‘ಬೇಗ ಮಾಡಿ’ ಎಂದೂ ಅನ್ನಿಸಬಹುದು. ಎರಡೂ ಒಂದಕ್ಕೊಂದು ತದ್ವಿರುದ್ಧ. ಇಲ್ಲಿ ಬರಹವೇ ಬೇಕು: ‘ಒರೆಸಿದ ಕೂಡಲೇ ಕಪ್ ಹಾಕಿ. ಬೇರೆ ಕೆಲಸಕ್ಕೆ ಹೋಗಬೇಡಿ.’

ಆದ್ದರಿಂದ ಕೆಲಸ ಹಂಚಿಕೆ ಹೀಗಿರಲಿ. ಯಾವ ಕೈ, ಯಾವ ಭಾಗವನ್ನು, ಹೇಗೆ ಹಿಡಿಯಬೇಕು ಎಂಬುದನ್ನು ಚಿತ್ರ ತೋರಿಸಲಿ. ಯಾವಾಗ, ಎಷ್ಟು ಹೊತ್ತು, ಆದದ್ದು ಸರಿಯೇ ಎಂದು ತಿಳಿಯುವುದು ಹೇಗೆ ಎಂಬುದನ್ನು ಅಡಿಬರಹ ಹೇಳಲಿ. ಚಿತ್ರದಲ್ಲಿ ಕಾಣುವುದನ್ನೇ ಅಡಿಬರಹ ಮತ್ತೆ ಹೇಳಿದರೆ ಜಾಗ ದಂಡ.

ಅಡಿಬರಹದ ಭಾಷೆಯ ಬಗ್ಗೆಯೂ ಒಂದು ಮಾತು. ‘ನಿರ್ವಾತ ಸ್ಥಗಿತ ಕವಾಟ’ ಎಂದು ನಮ್ಮ ಕೊಟ್ಟಿಗೆಯಲ್ಲಿ ಯಾರೂ ಹೇಳುವುದಿಲ್ಲ. ವಾಲ್ವ್ ಎನ್ನುತ್ತೇವೆ, ಕ್ಲಿಪ್ ಎನ್ನುತ್ತೇವೆ, ಗಾಳಿ ಬಂದ್ ಮಾಡು ಎನ್ನುತ್ತೇವೆ. ಓಡುನೋಟದಲ್ಲಿ ಗುರುತು ಸಿಗದ ಪದವನ್ನು ಕಣ್ಣು ಹಾರಿಸಿಬಿಡುತ್ತದೆ. ಕನ್ನಡದಲ್ಲಿ ಅಚ್ಚಾಗಿದೆ ಎಂದ ಮಾತ್ರಕ್ಕೆ ಅದು ನಮ್ಮ ಕನ್ನಡವಾಗುವುದಿಲ್ಲ.

ಇನ್ನೊಂದು ಮೋಸ ಕೆಂಪು ಗುಣಿಸು ಚಿಹ್ನೆಯದು. ತಪ್ಪು ವಿಧಾನದ ಚಿತ್ರ ಬರೆದು ಅದರ ಮೇಲೆ ಕೆಂಪು ಗುಣಿಸು ಹಾಕಿರುತ್ತಾರೆ. ಸಂಘದಲ್ಲಿ ಆ ಹಾಳೆಯನ್ನು ಜೆರಾಕ್ಸ್ ಮಾಡಿ ಹಂಚುತ್ತೇವೆ. ಕೆಂಪು ಬಣ್ಣ ಬೂದಿಯಾಗಿ ಚಿತ್ರದ ಗೆರೆಗಳೊಳಗೆ ಸೇರಿಹೋಗುತ್ತದೆ, ‘ಮಾಡಬೇಡಿ’ ಎಂಬ ಚಿತ್ರ ‘ಮಾಡಿ’ ಎಂಬ ಚಿತ್ರವಾಗುತ್ತದೆ. ತಪ್ಪನ್ನು ತೋರಿಸಲೇಬೇಕಾದರೆ ಅದು ಸರಿಯಾದ ಕ್ರಮಗಳ ಸಾಲಿನಲ್ಲಿ ಇರಬಾರದು. ಬೇರೆ ಚೌಕದಲ್ಲಿ, ನಂಬರು ಇಲ್ಲದೆ, ಮೇಲೆ ದಪ್ಪಕ್ಷರದಲ್ಲಿ ‘ಹೀಗೆ ಬೇಡ’ ಎಂದು ಇರಬೇಕು.

ಹಾಳೆಯ ಪರೀಕ್ಷೆ

ಈಗ ಪರೀಕ್ಷೆಗೆ ಬರೋಣ. ಯಂತ್ರವನ್ನು ಈವರೆಗೆ ಬಳಸದ ನಾಲ್ಕೈದು ಮಂದಿ ಸಾಕು. ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕರೆಯಿರಿ. ಗುಂಪಿನಲ್ಲಿ ಕೇಳಿದರೆ ಗೊತ್ತಿದ್ದವಳು ಹೇಳುತ್ತಾಳೆ, ಉಳಿದವರು ತಲೆಯಾಡಿಸುತ್ತಾರೆ. ‘ಅರ್ಥವಾಯಿತಾ?’ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ನಾವೆಲ್ಲ ಹೌದು ಎಂದೇ ಹೇಳುತ್ತೇವೆ.

ಮೊದಲು ಹಾಳೆಯನ್ನು ಗೋಡೆಗೆ ಅಂಟಿಸಿ, ಎರಡು ಹೆಜ್ಜೆ ದೂರ ನಿಲ್ಲಿಸಿ, ಹತ್ತು ಎಣಿಸುವಷ್ಟು ಹೊತ್ತು ತೋರಿಸಿ ಮುಚ್ಚಿಬಿಡಿ. ‘ಏನೇನು ಕಂಡಿರಿ, ಯಾವುದರ ನಂತರ ಯಾವುದು?’ ಎಂದು ಕೇಳಿ. ಕ್ರಮ ಅದಲುಬದಲಾಗಿ ಬಂದರೆ ತಪ್ಪು ಅವಳದ್ದಲ್ಲ. ಎರಡು ಕಂಬದಲ್ಲಿ ಜೋಡಿಸಿದ ಚಿತ್ರಗಳನ್ನು ಕೆಲವರು ಅಡ್ಡಕ್ಕೆ ನೋಡುತ್ತಾರೆ, ಕೆಲವರು ಮೇಲಿಂದ ಕೆಳಕ್ಕೆ ನೋಡುತ್ತಾರೆ. ಹಾಗೆ ನೋಡಿದವಳಿಗೆ ಒಂದರ ನಂತರ ಮೂರು ಬರುತ್ತದೆ. ನಂಬರು ದೊಡ್ಡದಾಗಿದ್ದು ಚಿತ್ರಗಳು ಒಂದೇ ಸಾಲಿನಲ್ಲಿ ಇದ್ದರೆ ಈ ಗೊಂದಲ ಇರುವುದಿಲ್ಲ.

ಎರಡನೆಯದಾಗಿ, ಅಡಿಬರಹಗಳ ಮೇಲೆ ಕಾಗದ ಮುಚ್ಚಿ ಒಂದೊಂದು ಚಿತ್ರಕ್ಕೂ ‘ಈ ಕೈ ಏನು ಮಾಡುತ್ತಿದೆ?’ ಎಂದು ಕೇಳಿ. ಇಬ್ಬರು ಎರಡು ಬಗೆಯ ಉತ್ತರ ಕೊಟ್ಟರೆ ಆ ಚಿತ್ರ ಬದಲಾಗಬೇಕು. ನಂತರ ಚಿತ್ರಗಳನ್ನು ಮುಚ್ಚಿ, ಪ್ರತಿ ಅಡಿಬರಹದ ಮೊದಲ ಎರಡು ಮೂರು ಪದ ಮಾತ್ರ ಓದಿಸಿ. ಅಷ್ಟರಿಂದಲೇ ಕೆಲಸ ಯಾವುದೆಂದು ತಿಳಿಯಬೇಕು. ‘ಒರೆಸಿ’, ‘ವಾಲ್ವ್ ಮುಚ್ಚಿ’ ಎಂದು ಶುರುವಾದರೆ ತಿಳಿಯುತ್ತದೆ. ‘ಹಾಲಿನ ಹರಿವು ನಿಂತ’ ಎಂದು ಶುರುವಾದರೆ ತಿಳಿಯುವುದಿಲ್ಲ.

ಕೊನೆಯದು ಕೈಯಿಂದ ಮಾಡಿಸುವ ಪರೀಕ್ಷೆ, ಎಲ್ಲಕ್ಕಿಂತ ಮುಖ್ಯವಾದದ್ದು. ಹಸು ಬೇಡ. ಯಂತ್ರ ಚಾಲೂ ಮಾಡಿ, ತೊಳೆದ ಹೆಬ್ಬೆರಳನ್ನು ಒಂದು ಕಪ್ಪಿನೊಳಗೆ ಇಡಿಸಿ. ಉಳಿದ ಮೂರು ಕಪ್‌ಗಳ ಕೊಳವೆ ಮಡಿಚಿ ಬಿದ್ದಿರಲಿ. ಈಗ ಹಾಳೆ ನೋಡಿ ಕಪ್ ತೆಗೆಯಲು ಹೇಳಿ, ನೀವು ಬಾಯಿಬಿಡಬೇಡಿ. ಕೈ ಮೊದಲು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ನೋಡಿ. ವಾಲ್ವಿಗೆ ಹೋದರೆ ಹಾಳೆ ಪಾಸು. ನೇರವಾಗಿ ಎಳೆದರೆ ಹಾಳೆ ಫೇಲು. ಎಳೆದವಳಿಗೆ ಆ ಹಿಡಿತ ತನ್ನ ಹೆಬ್ಬೆರಳಲ್ಲೇ ಗೊತ್ತಾಗುತ್ತದೆ. ವಾಲ್ವ್ ಮುಚ್ಚಿ ಇನ್ನೊಮ್ಮೆ ತೆಗೆಸಿದರೆ ವ್ಯತ್ಯಾಸವೂ ಗೊತ್ತಾಗುತ್ತದೆ. ಕೈ ಎಲ್ಲಿ ತಡೆಯಿತು, ಯಾವ ಚಿತ್ರಕ್ಕೆ ಮತ್ತೆ ಮತ್ತೆ ಕತ್ತೆತ್ತಿ ನೋಡಿದಳು ಎಂದು ಬರೆದಿಟ್ಟುಕೊಳ್ಳಿ. ತಿದ್ದಬೇಕಾದ ಜಾಗ ಅದೇ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ‘ಕಂಪನಿಯವರು ಮನೆಗೇ ಬಂದು ತೋರಿಸಿಕೊಡುತ್ತಾರಲ್ಲ, ಹಾಳೆಗೆ ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ?’ ಅವರು ತೋರಿಸುವುದು ಒಂದು ದಿನ, ಆ ದಿನ ಅಲ್ಲಿದ್ದವರಿಗೆ. ನೀವು ತವರಿಗೆ ಹೋದ ದಿನ, ಜ್ವರ ಬಂದು ಮಲಗಿದ ದಿನ ಹಾಲು ಕರೆಯುವವರು ನಿಮ್ಮ ಅತ್ತೆಯೋ ಮಗನೋ ಆಗಿರುತ್ತಾರೆ. ಅವರಿಗೆ ಇರುವ ಮೇಷ್ಟ್ರು ಆ ಹಾಳೆಯೊಂದೇ. ಹಾಗೆಯೇ ಹಾಳೆಗೆ ಮಿತಿಯೂ ಇದೆ. ಮೊದಲ ಹಾಲಿನಲ್ಲಿ ಗರಣೆ ಕಂಡರೆ, ಕೆಚ್ಚಲು ಬಿಸಿಯಾಗಿ ಗಟ್ಟಿಯಾಗಿದ್ದರೆ ಚಿತ್ರ ನೋಡುತ್ತ ನಿಲ್ಲಬೇಡಿ, ಪಶುವೈದ್ಯರನ್ನು ಕರೆಸಿ. ಪಂಪು, ಕರೆಂಟಿನ ಕೆಲಸವನ್ನು ಚಿತ್ರ ನೋಡಿ ಮಾಡುವುದೂ ಬೇಡ. ಒಳ್ಳೆಯ ಹಾಳೆ ಆ ಎರಡು ಕಡೆ ‘ಇಲ್ಲಿ ನಿಲ್ಲಿಸಿ’ ಎಂದೇ ಹೇಳಬೇಕು.

ನನ್ನ ಸಲಹೆ ಇಷ್ಟು. ಸಂಘದ ಮೂಲಕ ಯಂತ್ರ ತರಿಸುವಾಗ, ಹಣ ಕೊಡುವ ಮೊದಲೇ ಚಿತ್ರದ ಹಾಳೆ ತರಿಸಿ ಈ ಪರೀಕ್ಷೆ ಮಾಡಿ. ಫೇಲಾದ ಚಿತ್ರಗಳ ನಂಬರು ಬರೆದು ಕಂಪನಿಗೆ ಕೊಟ್ಟು, ತಿದ್ದಿದ ಹಾಳೆ ಕೇಳಿ. ಯಂತ್ರ ಆಗಲೇ ಮನೆಯಲ್ಲಿದ್ದರೆ ತಪ್ಪು ಚಿತ್ರದ ಮೇಲೆ ನಿಮ್ಮದೇ ಚಿತ್ರ ಅಂಟಿಸಿ. ಮೊಬೈಲಿನಲ್ಲಿ ತೆಗೆದ ಫೋಟೊ ಆದೀತು. ಆದರೆ ಹತ್ತಿರದಿಂದ ತೆಗೆಯಿರಿ. ಹಸುವಿನ ಕಾಲು, ಬಾಲ, ಬಕೆಟ್ಟು ಎಲ್ಲ ಸೇರಿದರೆ ಬೆರಳು ಎಲ್ಲಿದೆ ಎಂದೇ ಕಾಣುವುದಿಲ್ಲ. ಬೆರಳು ಮತ್ತು ವಾಲ್ವ್ ಎರಡೇ ಇರಲಿ. ಕೆಳಗೆ ದಪ್ಪ ಅಕ್ಷರದಲ್ಲಿ, ನೀವು ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ. ಎಲ್ಲವನ್ನೂ ಒಂದೇ ದಿನ ತಿದ್ದಲು ಆಗದಿದ್ದರೆ ಮೊದಲು ಕಪ್ ತೆಗೆಯುವ ಚಿತ್ರವನ್ನು ತಿದ್ದಿ. ಎಂಟು ಚಿತ್ರಗಳಲ್ಲಿ ತಪ್ಪು ಓದಿದರೆ ಹಸುವಿಗೆ ಅಲ್ಲೇ ನೋವಾಗುವುದು ಅದೊಂದರಲ್ಲಿ.